ಒಂಬತ್ತನೇ ಕ್ಲಾಸಿನಲ್ಲಿ ಕೂತ ಭೂ ನ್ಯಾಯಮಂಡಳಿ

ಮಲೆನಾಡಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಮೂರು ವರ್ಷದಿಂದ ಒಂದೇ ಪಾಠವನ್ನು ನಾಟಕದ ಮೂಲಕ ಕಲಿಸಲು ಪ್ರಯತ್ನಿಸುತ್ತಿದ್ದೇನೆ. ಭೂಸುಧಾರಣೆ, 'ಉಳುವವನೇ ಹೊಲದೊಡೆಯ'. ಮೊದಲ ವರ್ಷ ಪೂರ್ತಿ ಕೆಟ್ಟಿತು, ಎರಡನೇ ವರ್ಷ ಅರ್ಧ ಸರಿಯಾಯಿತು, ಮೂರನೇ ವರ್ಷ ನಾನು ಅಂದುಕೊಳ್ಳದೇ ಇದ್ದ ಒಂದು ಪ್ರಶ್ನೆ ಮಕ್ಕಳ ಕಡೆಯಿಂದಲೇ ಬಂತು. ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವರ್ಷ ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಕೂತು ನಾಲ್ಕು ಪುಟ ಸಂಭಾಷಣೆ ಬರೆದೆ. ಒಬ್ಬ ಜಮೀನ್ದಾರ, ಒಬ್ಬ ಬಡ ಗೇಣಿದಾರ, ಅವನ ಹೆಂಡತಿ, ಮೂವರು ಆಳುಗಳು, ಕೊನೆಗೆ ಬರುವ ಒಬ್ಬ ಅಧಿಕಾರಿ. ಕ್ಲಾಸಿನಲ್ಲಿ ಚೆನ್ನಾಗಿ ಮಾತಾಡುವ ಏಳು ಮಕ್ಕಳಿಗೆ ಪಾತ್ರ ಕೊಟ್ಟೆ. ಜಮೀನ್ದಾರ ಕಾಡಿಗೆಯಿಂದ ಮೀಸೆ ಬರೆದುಕೊಂಡ, ಹಗ್ಗದಿಂದ ಚಾಟಿ ಮಾಡಿಕೊಂಡ. ಅವನು ಗೇಣಿದಾರನನ್ನು ಒದೆಯುವಾಗ ಕ್ಲಾಸೆಲ್ಲ ನಕ್ಕಿತು. ನಮ್ಮ ಸಹೋದ್ಯೋಗಿಗಳು ಬಂದು ನೋಡಿ, ಮಕ್ಕಳು ಚೆನ್ನಾಗಿ ಮಾಡಿದರು ಅಂತ ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಗಿತ್ತು.

ವಾರ ಬಿಟ್ಟು ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೇಳಿದೆ: ಗೇಣಿದಾರನ ಹೆಸರಿಗೆ ಜಮೀನು ಹೇಗೆ ಬಂತು? ಜಾಸ್ತಿ ಮಕ್ಕಳು ಬರೆದದ್ದು, ಅಧಿಕಾರಿ ಬಂದು ಬೈದ ಮೇಲೆ ಜಮೀನ್ದಾರನಿಗೆ ಬುದ್ಧಿ ಬಂದು ಬಿಟ್ಟುಕೊಟ್ಟ ಅಂತ. ತಪ್ಪು ಮಕ್ಕಳದ್ದಲ್ಲ, ನನ್ನ ನಾಟಕ ಮುಗಿದದ್ದೇ ಹಾಗೆ. ಅರ್ಜಿ, ಪಹಣಿ, ಸಾಕ್ಷಿ, ವಿಚಾರಣೆ, ಆದೇಶ ಯಾವುದೂ ಅದರಲ್ಲಿ ಇರಲಿಲ್ಲ. ಒಂದು ದೊಡ್ಡ ಕಾಯ್ದೆಯನ್ನು ನಾನು ಒಬ್ಬ ಕೆಟ್ಟವನ ಮನಸ್ಸು ಬದಲಾದ ಕಥೆ ಮಾಡಿಬಿಟ್ಟಿದ್ದೆ. ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಮಾತು ಬಾಯಿಪಾಠ ಮಾಡಿದ ಏಳು ಮಕ್ಕಳು ಯೋಚಿಸುತ್ತಿದ್ದುದು ಮುಂದಿನ ಮಾತು ಯಾವುದು ಅಂತ ಮಾತ್ರ. ಉಳಿದ ಇಪ್ಪತ್ತೊಂಬತ್ತು ಮಕ್ಕಳು ಸುಮ್ನೆ ನೋಡುತ್ತಿದ್ದರು. ಸಮಾಜ ವಿಜ್ಞಾನದ ಕೆಲಸ ಅಲ್ಲಿ ಯಾರೂ ಮಾಡಿರಲಿಲ್ಲ.

ವಾರ್ಷಿಕೋತ್ಸವದ ನಾಟಕಕ್ಕೂ ಕ್ಲಾಸಿನ ಪಾತ್ರಾಭಿನಯಕ್ಕೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದು ಅಲ್ಲಿ. ವೇದಿಕೆಯ ನಾಟಕ ನೋಡುವವರಿಗಾಗಿ ಇರುತ್ತದೆ, ಕೊನೆ ಏನು ಅಂತ ಆಡುವವರಿಗೆ ಮೊದಲೇ ಗೊತ್ತಿರುತ್ತದೆ. ಕ್ಲಾಸಿನಲ್ಲಿ ಕೊನೆ ಯಾರಿಗೂ ಗೊತ್ತಿರಬಾರದು. ನನಗೂ ಕೂಡ. ಪ್ರತಿ ಮಗುವಿಗೂ ಒಂದು ಗುರಿ ಬೇಕು, ಸ್ವಲ್ಪ ಮಾಹಿತಿ ಬೇಕು, ಮತ್ತು ಬೇರೆಯವರ ಹತ್ತಿರ ಇರುವ ಮಾಹಿತಿ ತನ್ನ ಹತ್ತಿರ ಇರಬಾರದು. ಆಗ ಮಾತು ತಾನಾಗಿ ಹುಟ್ಟುತ್ತದೆ, ಏಕೆಂದರೆ ಕೇಳದೇ ಹೋದರೆ ಗೊತ್ತಾಗುವುದಿಲ್ಲ.

ಹಾಗಾಗಿ ಎರಡನೇ ವರ್ಷ ಜಮೀನ್ದಾರನ ಮನೆಯಂಗಳ ಬಿಟ್ಟು ಭೂ ನ್ಯಾಯಮಂಡಳಿಯ ಕೋಣೆಗೆ ಬಂದೆ.

ಆ ಮಂಡಳಿ ಹೇಗಿತ್ತು ಅನ್ನುವುದನ್ನು ಸ್ವಲ್ಪ ಹೇಳಬೇಕು. ಕರ್ನಾಟಕದ ಭೂಸುಧಾರಣಾ ಕಾಯ್ದೆ 1961ರದ್ದು. ಆದರೆ ಅದಕ್ಕೆ ನಿಜವಾದ ಹಲ್ಲು ಬಂದದ್ದು ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗಿನ ತಿದ್ದುಪಡಿಯಿಂದ. ಅದು 1974 ಮಾರ್ಚ್ 1ರಂದು ಜಾರಿಗೆ ಬಂತು. ಆ ದಿನ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಸಾಗುವಳಿ ಮಾಡುತ್ತಿದ್ದ ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ ಆ ಜಮೀನನ್ನು ತನ್ನ ಹೆಸರಿಗೆ ಪಡೆಯಬೇಕಿತ್ತು. ಅರ್ಜಿ ತೀರ್ಮಾನ ಮಾಡಲು ತಾಲೂಕು ಮಟ್ಟದಲ್ಲಿ ಮಂಡಳಿಗಳಾದವು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ಕು ಜನ, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಕಾಯ್ದೆಯ ಪ್ರಕಾರ ವಕೀಲರು ಅಲ್ಲಿ ವಾದ ಮಾಡುವಂತಿರಲಿಲ್ಲ. ಮೊದಲ ವರ್ಷಗಳಲ್ಲಿ ಮೇಲ್ಮನವಿಯೂ ಇರಲಿಲ್ಲ, ಒಪ್ಪದಿದ್ದರೆ ಹೈಕೋರ್ಟಿಗೆ ರಿಟ್ ಹಾಕಬೇಕಿತ್ತು.

ಇದು ಕ್ಲಾಸಿಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ವಕೀಲರಿಲ್ಲ, ಹಾಗಾಗಿ ಸಿನಿಮಾದಲ್ಲಿ ನೋಡಿದ ಕೋರ್ಟಿನ ಡೈಲಾಗು ಬರುವುದಿಲ್ಲ. ಅವರವರ ಮಾತು ಅವರವರೇ ಆಡಬೇಕು. ಐದು ಜನ ಕೂತು ಕೇಳಬೇಕು, ಕಾಗದ ನೋಡಬೇಕು, ತೀರ್ಮಾನ ಮಾಡಬೇಕು. ಅವರ ಮುಂದಿರುವುದು ಒಂದೇ ಪ್ರಶ್ನೆ: 1974 ಮಾರ್ಚ್ 1ರಂದು ಅಥವಾ ಅದಕ್ಕೆ ಸ್ವಲ್ಪ ಮುಂಚೆ ಈ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು ಯಾರು?

ನಾನು ಕಟ್ಟಿದ ಪ್ರಕರಣ ಹೀಗಿದೆ. 2 ಎಕರೆ 20 ಗುಂಟೆ ಗದ್ದೆ. ಒಡತಿ ಒಬ್ಬ ವಿಧವೆ, ಗಂಡ 1966ರಲ್ಲಿ ತೀರಿಕೊಂಡಿದ್ದಾರೆ, ಆಕೆಗೆ ಈ ಗದ್ದೆಯಿಂದ ವರ್ಷಕ್ಕೆ ಬರುವ ಹತ್ತು ಚೀಲ ಭತ್ತದ ಗೇಣಿ ಬಿಟ್ಟರೆ ಬೇರೆ ಆದಾಯ ಇಲ್ಲ. ಗೇಣಿದಾರನಿಗೆ ಬೇರೆ ಕಡೆ ತನ್ನದೇ 4 ಎಕರೆ ಇದೆ. ಬೇಕೆಂದೇ ಹೀಗೆ ಮಾಡಿದೆ. ಹಿಂದಿನ ವರ್ಷದ ಮೀಸೆಯ ಜಮೀನ್ದಾರ ಮತ್ತೆ ಬರದ ಹಾಗೆ ನೋಡಿಕೊಳ್ಳಬೇಕಿತ್ತು. ಮತ್ತೆ ಇದು ಸುಳ್ಳೂ ಅಲ್ಲ. ಹಳೆಯ ಕಾಯ್ದೆಯಲ್ಲಿ ವಿಧವೆಯರಿಗೆ, ಅಪ್ರಾಪ್ತರಿಗೆ ವಿನಾಯಿತಿ ಇತ್ತು, 1974ರ ತಿದ್ದುಪಡಿ ಅದನ್ನು ತೆಗೆಯಿತು, ಸೈನಿಕರಿಗೆ ಮತ್ತು ಹಡಗಿನಲ್ಲಿ ದುಡಿಯುವ ನಾವಿಕರಿಗೆ ಮಾತ್ರ ಉಳಿಸಿತು. ಚಿಕ್ಕ ಹಿಡುವಳಿಯ ಎಷ್ಟೋ ಒಡೆಯರು ಜಮೀನು ಕಳೆದುಕೊಂಡರು.

ಪಾತ್ರಗಳು ಹನ್ನೆರಡು. ಮಂಡಳಿಯ ಐದು ಜನ, ಒಡತಿ, ಒಡತಿಯ ಮಗ, ಗೇಣಿದಾರ, ಗೇಣಿದಾರನ ಹೆಂಡತಿ, ಪಕ್ಕದ ಗದ್ದೆಯವನು, ಗ್ರಾಮ ಲೆಕ್ಕಿಗ, ಆ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸು. ಯಾರಿಗೂ ಹೆಸರು ಇಡಲಿಲ್ಲ. ನಮ್ಮ ಕಡೆ ಹೆಸರು ಹೇಳಿದ ಕೂಡಲೇ ಮಕ್ಕಳಿಗೆ ಜಾತಿ ಗೊತ್ತಾಗುತ್ತದೆ, ಆಮೇಲೆ ಕ್ಲಾಸಿನಲ್ಲಿ ಯಾವ ಹುಡುಗ ಯಾವ ಪಾತ್ರ ಮಾಡಿದ ಅನ್ನುವುದೇ ಬೇರೆ ಮಾತಾಗುತ್ತದೆ.

ಪ್ರತಿಯೊಬ್ಬರಿಗೂ ಅಂಗೈ ಅಗಲದ ಒಂದು ಕಾರ್ಡು. ಅದರಲ್ಲಿ ಸಂಭಾಷಣೆ ಇಲ್ಲ, ಮೂರು ಭಾಗ ಮಾತ್ರ: ನಿಮಗೇನು ಬೇಕು, ನಿಮಗೇನು ಗೊತ್ತು, ಕೇಳಿದರೆ ಮಾತ್ರ ಏನು ಹೇಳಬೇಕು. ಈ ಮೂರನೇ ಭಾಗದ ಮೇಲೆ ಇಡೀ ಪಾಠ ನಿಂತಿದೆ. ಗ್ರಾಮ ಲೆಕ್ಕಿಗನ ಕಾರ್ಡು ನೋಡಿ. ಅವನ ಹತ್ತಿರ ಪಹಣಿ ಇದೆ. 12ನೇ ಕಾಲಂನಲ್ಲಿ, ಅಂದರೆ ಸಾಗುವಳಿದಾರನ ಕಾಲಂನಲ್ಲಿ, 1969-70ಕ್ಕೂ 1970-71ಕ್ಕೂ ಗೇಣಿದಾರನ ಹೆಸರಿದೆ. 1972-73ಕ್ಕೆ, 1973-74ಕ್ಕೆ 'ಸ್ವಂತ' ಅಂತ ಇದೆ, ಅಂದರೆ ಒಡತಿಯೇ ಬೆಳೆಯುತ್ತಿದ್ದಾರೆ ಅಂತ. ಕೇಳಿದರೆ ಮಾತ್ರ ಹೇಳಬೇಕಾದದ್ದು ಇದು: ಒಡತಿಯ ಮಗ ಮನೆಗೆ ಬಂದು ಹೇಳಿದ ಹಾಗೆ ಬರೆದೆ, ಆ ಎರಡು ವರ್ಷ ಗದ್ದೆಗೆ ಹೋಗಿ ನೋಡಲಿಲ್ಲ.

ಮಂಡಳಿಯ ಐವರಿಗೆ ಕೊಟ್ಟ ಹಾಳೆಯಲ್ಲಿ ಕಾನೂನಿನ ಒಂದು ಮಾತು ಇದೆ. ಪಹಣಿಯಲ್ಲಿ ಬರೆದದ್ದನ್ನು ನಿಜ ಅಂತಲೇ ಹಿಡಿಯಬೇಕು, ಅದು ತಪ್ಪು ಅಂತ ಸಾಬೀತಾಗುವ ತನಕ. ಕರ್ನಾಟಕದ 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುವುದು ಇದನ್ನೇ. ಹಾಗಾಗಿ ಯಾರಾದರೂ ಲೆಕ್ಕಿಗನಿಗೆ 'ಗದ್ದೆಗೆ ಹೋಗಿ ನೋಡಿದ್ರಾ?' ಅಂತ ಕೇಳದೇ ಹೋದರೆ ಪಹಣಿ ಅಲುಗಾಡದೆ ನಿಲ್ಲುತ್ತದೆ, ಗೇಣಿದಾರ ಸೋಲುತ್ತಾನೆ. ಒಂದು ಪ್ರಶ್ನೆಯ ಮೇಲೆ ಎರಡೂವರೆ ಎಕರೆ.

ಆ ವರ್ಷ ಒಂದೇ ಮಂಡಳಿ ಮಾಡಿದೆ, ಹನ್ನೊಂದು ಮಕ್ಕಳು ಒಳಗೆ, ಉಳಿದವರು ಊರ ಜನ. ಎರಡು ತಪ್ಪಾಯಿತು. ಒಂದು, ನಾನೇ ಅಧ್ಯಕ್ಷೆಯಾಗಿ ಕೂತೆ. ಮೇಡಂ ಅಧ್ಯಕ್ಷರಾದ ಮೇಲೆ ಉಳಿದ ನಾಲ್ಕು ಜನಕ್ಕೆ ಕೆಲಸವೇ ಇರಲಿಲ್ಲ. ಅವರು ನನ್ನ ಮುಖ ನೋಡಿಕೊಂಡು ತಲೆಯಾಡಿಸಿದರು, ಮುಖ್ಯ ಪ್ರಶ್ನೆಯನ್ನೂ ತಾಳಲಾರದೆ ನಾನೇ ಕೇಳಿಬಿಟ್ಟೆ. ಇನ್ನೊಂದು, ಊರ ಜನ ಆಗಿದ್ದವರು ಹತ್ತು ನಿಮಿಷಕ್ಕೆ ಗಲಾಟೆ ಶುರು ಮಾಡಿದರು. ಪಕ್ಕದ ಕ್ಲಾಸಿನಲ್ಲಿ ಗಣಿತ ನಡೆಯುತ್ತಿತ್ತು, ಅಲ್ಲಿಂದ ಮಾತು ಕೇಳಬೇಕಾಯಿತು. ಕೆಲಸವಿಲ್ಲದ ಮಗು ಗಲಾಟೆ ಮಾಡದೆ ಇನ್ನೇನು ಮಾಡೀತು.

ಇಂಗ್ಲೆಂಡಿನ ಡೊರೊತಿ ಹೀತ್‌ಕೋಟ್ ಅನ್ನುವ ಶಿಕ್ಷಕಿ ನಾಟಕವನ್ನು ಪಾಠಕ್ಕೆ ಬಳಸುವುದರಲ್ಲಿ ಹೆಸರು ಮಾಡಿದವರು. ಶಿಕ್ಷಕರು ಹೊರಗೆ ನಿಂತು ನಿರ್ದೇಶನ ಮಾಡುವ ಬದಲು ತಾವೇ ಒಂದು ಪಾತ್ರವಾಗಿ ಒಳಗೆ ಬರಬೇಕು ಅನ್ನುವುದು ಅವರ ಮುಖ್ಯ ವಿಚಾರಗಳಲ್ಲಿ ಒಂದು. ನಾನು ಅದನ್ನು ಕೇಳಿಕೊಂಡೇ ಅಧ್ಯಕ್ಷೆಯಾಗಿದ್ದೆ. ಎಡವಿದ್ದು ಎಲ್ಲಿ ಅಂತ ಆಮೇಲೆ ತಿಳಿಯಿತು. ಒಳಗೆ ಬರುವುದು ಸರಿ, ಆದರೆ ಎಲ್ಲರಿಗಿಂತ ಮೇಲಿನ ಕುರ್ಚಿಯಲ್ಲಿ ಕೂತರೆ ನಾವು ಮತ್ತೆ ಮೇಡಂ ಆಗಿಯೇ ಉಳಿಯುತ್ತೇವೆ. ಕೆಳಗಿನ ಪಾತ್ರ ಹಿಡಿಯಬೇಕು. ಮೂರನೇ ವರ್ಷ ನಾನು ಮಂಡಳಿಯ ಗುಮಾಸ್ತೆ ಆದೆ. ಫೈಲು ತಂದುಕೊಡುವುದು, ಸಾಕ್ಷಿಗಳನ್ನು ಕರೆಯುವುದು, ಅಧ್ಯಕ್ಷರು ಕೇಳಿದರೆ 'ನಂಗೊತ್ತಿಲ್ಲ ಸಾರ್, ನೀವೇ ತೀರ್ಮಾನ ಮಾಡ್ಬೇಕು' ಅನ್ನುವುದು. ಈ ಒಂದು ಮಾತು ಎಷ್ಟು ಕೆಲಸ ಮಾಡಿತು ಅಂದರೆ, ಅಧ್ಯಕ್ಷನಾಗಿದ್ದ ಹುಡುಗ ನಾಲ್ಕನೇ ಸಲಕ್ಕೆ ನನ್ನನ್ನು ಕೇಳುವುದನ್ನೇ ಬಿಟ್ಟು ಪಕ್ಕದವರ ಕಡೆ ತಿರುಗಿದ.

ಮೂರನೇ ವರ್ಷ ಮೂವತ್ತಾರು ಮಕ್ಕಳು. ಮೂರು ಮಂಡಳಿ ಮಾಡಿದೆ. ಮೂರಕ್ಕೂ ಅದೇ ಪ್ರಕರಣ, ಅದೇ ಕಾರ್ಡು, ಅದೇ ಪಹಣಿ. ಎರಡು ಕ್ಲಾಸಿನಲ್ಲಿ, ಒಂದು ಹೊರಗಿನ ಜಗಲಿಯಲ್ಲಿ. ಈಗ ನೋಡುವವರು ಯಾರೂ ಇಲ್ಲ, ಎಲ್ಲರಿಗೂ ಕೆಲಸ ಇದೆ. ಪಾತ್ರ ಹಂಚುವಾಗ ನಾನು ಆರಿಸಲಿಲ್ಲ, ಚೀಟಿ ಎತ್ತಿಸಿದೆ. ಹಾಗಾಗಿ ವರ್ಷವಿಡೀ ಬಾಯಿ ಬಿಡದ ಒಬ್ಬ ಹುಡುಗಿಗೆ ಕೂಲಿ ಹೆಂಗಸಿನ ಕಾರ್ಡು ಬಂತು. ಇದು ನೆನಪಿರಲಿ.

ಒಟ್ಟು ನಾಲ್ಕು ಪೀರಿಯಡ್ ಬೇಕಾಯಿತು, ಒಂದೊಂದು ನಲವತ್ತು ನಿಮಿಷ.

ಮೊದಲ ಪೀರಿಯಡ್‌ನಲ್ಲಿ ಪಾತ್ರ ಇಲ್ಲ. ಮನೆಯಿಂದ ಎರಡು ಪಾತ್ರೆ ತಂದಿದ್ದೆ, ನೋಡಲು ಹೆಚ್ಚುಕಡಿಮೆ ಒಂದೇ ತರ, ಒಂದು ಸ್ವಲ್ಪ ದೊಡ್ಡದು. ಭತ್ತ ಅಳೆಯಲು ಹೇಳಿದೆ. ಚಿಕ್ಕದರಲ್ಲಿ ಹತ್ತು ಅಳತೆ ಆಗಿದ್ದ ರಾಶಿ ದೊಡ್ಡದರಲ್ಲಿ ಎಂಟೂವರೆಗೇ ಮುಗಿಯಿತು. ಹತ್ತು ಅಳತೆ ಗೇಣಿ ಕೊಡುತ್ತೇನೆ ಅಂತ ಒಪ್ಪಿಕೊಂಡವನು ಈ ದೊಡ್ಡದರಲ್ಲಿ ಅಳೆದು ಕೊಡಬೇಕಾದರೆ ಎಷ್ಟು ಜಾಸ್ತಿ ಕೊಡುತ್ತಾನೆ ಅಂತ ಲೆಕ್ಕ ಹಾಕಿದರು. ಆಮೇಲೆ ಸಾಗರ ತಾಲೂಕಿನ ಕಾಗೋಡಿನ ಕಥೆ ಹೇಳಿದೆ. 1951ರಲ್ಲಿ ಅಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದರ ಹಿಂದೆ ಈ ಅಳತೆಯ ಕೊಳಗದ ಜಗಳ ಇತ್ತು, ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಕೈಯಲ್ಲಿ ಭತ್ತದ ಧೂಳು ಇರುವಾಗ ಈ ಕಥೆ ಕೇಳುವುದೇ ಬೇರೆ. ಆ ಪೀರಿಯಡ್ ಕೊನೆಯಲ್ಲಿ ಕಾನೂನಿನ ಒಂದು ಹಾಳೆ ಓದಿಸಿದೆ, ಆರೇ ವಾಕ್ಯ.

ಎರಡನೆಯದು ತಯಾರಿಯ ಪೀರಿಯಡ್. ಇಲ್ಲಿ ಒಂದು ಉಪಾಯ ಕೈ ಹಿಡಿಯಿತು. ಮೂರು ಮಂಡಳಿಯ ಮೂರು ಒಡತಿಯರನ್ನು ಒಟ್ಟಿಗೆ ಕೂರಿಸಿದೆ, ಮೂರು ಲೆಕ್ಕಿಗರನ್ನು ಒಟ್ಟಿಗೆ, ಹೀಗೆ. ಒಂದೇ ಕಾರ್ಡು ಇರುವವರು ಸೇರಿ, ನಮ್ಮನ್ನು ಏನು ಕೇಳಬಹುದು, ನಾವೇನು ಹೇಳಬಹುದು ಅಂತ ಮಾತಾಡಿಕೊಂಡರು. ಅಂಜುವ ಮಕ್ಕಳಿಗೆ ಇದರಿಂದ ಧೈರ್ಯ ಬಂತು, ಏಕೆಂದರೆ ಮಾತು ಒಂದು ಸಲ ಗೆಳತಿಯರ ನಡುವೆ ಆಡಿ ಆಗಿರುತ್ತದೆ. ಮಂಡಳಿಯ ಹದಿನೈದು ಜನಕ್ಕೆ ಬೇರೆ ಕೆಲಸ: ಯಾರನ್ನು ಏನು ಕೇಳಬೇಕು ಅಂತ ಕನಿಷ್ಠ ಎಂಟು ಪ್ರಶ್ನೆ ಬರೆದು ತರಬೇಕು.

ಮೂರನೆಯದು ವಿಚಾರಣೆ. ಪಾತ್ರದ ಗುರುತಿಗೆ ಹೆಗಲ ಮೇಲೊಂದು ಟವೆಲ್ಲೋ ಶಾಲೋ, ಅಷ್ಟೇ. ಅದು ಹೆಗಲ ಮೇಲಿದ್ದಾಗ ಪಾತ್ರ, ತೆಗೆದರೆ ನೀವು ನೀವೇ. ಮೀಸೆ ಇಲ್ಲ, ಚಾಟಿ ಇಲ್ಲ, ಯಾರೂ ಯಾರನ್ನೂ ಮುಟ್ಟುವ ಹಾಗಿಲ್ಲ.

ಒಂದನೇ ಮಂಡಳಿಯಲ್ಲಿ ಗೇಣಿದಾರನ ಹೆಂಡತಿ ಆಗಿದ್ದ ಹುಡುಗಿ ಒಡತಿಗೆ ಎದುರು ನಿಂತು, 'ಅಮ್ಮಾ, ಹೋದ ವರ್ಷ ಹೊಸ ಅಕ್ಕಿ ನಿಮ್ಮನೆಗೆ ತಂದು ಕೊಟ್ಟೋಳು ನಾನಲ್ವಾ? ನೀವು ಸ್ವಂತ ಬೆಳ್ದಿದ್ರೆ ನಾನ್ಯಾಕೆ ತರ್ತಿದ್ದೆ?' ಅಂದಳು. ಇದು ಯಾವ ಕಾರ್ಡಿನಲ್ಲೂ ಇರಲಿಲ್ಲ. ಒಡತಿ ಒಂದು ಕ್ಷಣ ಸುಮ್ಮನಾದಳು, ಆಮೇಲೆ, 'ತಂದು ಕೊಟ್ಟೆ, ಇಲ್ಲ ಅನ್ನಲ್ಲ. ನಾಳೆಯಿಂದ ನಾನೇನು ಉಣ್ಲಿ ಅಂತ ಹೇಳು' ಅಂದಳು. ಜಗಳ ಅಲ್ಲೇ ನಿಂತುಹೋಯಿತು. ನಾನು ಫೈಲು ಹಿಡಿದು ನಿಂತಿದ್ದೆ, ಏನೂ ಮಾತಾಡಲಿಲ್ಲ.

ಎರಡನೇ ಮಂಡಳಿಯವರು ಪಹಣಿಯನ್ನು ಮೇಜಿನ ಮೇಲೆ ಇಟ್ಟುಕೊಂಡು ವರ್ಷ ವರ್ಷ ನೋಡಿದರು. 1971-72ರ ಹಾಳೆ ಇಲ್ಲವಲ್ಲ, ಅದು ಎಲ್ಲಿ ಅಂತ ಒಬ್ಬ ಸದಸ್ಯ ಕೇಳಿದ. ಅದು ನಾನು ಕಾರ್ಡು ಮಾಡುವಾಗ ಬಿಟ್ಟುಹೋದ ವರ್ಷ, ನನ್ನ ಲೋಪ. ಆದರೆ ಲೆಕ್ಕಿಗನಾಗಿದ್ದವನು ಬೆವರಿ, 'ಆ ವರ್ಷದ್ದು ಸಿಗ್ಲಿಲ್ಲ ಸಾರ್' ಅಂದ. ಆಗ ಅವರಿಗೆ ಅನುಮಾನ ಬಂದು, ಹೆಸರು ಯಾವಾಗ ಬದಲಾಯಿತು, ಯಾರು ಹೇಳಿದ್ದು, ನೀವು ಗದ್ದೆ ಹತ್ತಿರ ಹೋಗಿದ್ರಾ ಅಂತ ಒಂದರ ಮೇಲೊಂದು ಕೇಳಿದರು. ಲೆಕ್ಕಿಗ ಕಾರ್ಡು ನೋಡಿ, ಕೇಳಿದ್ದಾರೆ ಅಂತ ನಿಜ ಹೇಳಿದ.

ಮೂರನೇ ಮಂಡಳಿ, ಜಗಲಿಯಲ್ಲಿದ್ದದ್ದು, ಆ ಪ್ರಶ್ನೆ ಕೇಳಲೇ ಇಲ್ಲ. ಅವರು ತುಂಬಾ ಹೊತ್ತು ಒಡತಿಯ ಕಷ್ಟ ಕೇಳಿದರು, ಗೇಣಿದಾರನಿಗೆ ಬೇರೆ 4 ಎಕರೆ ಇದೆ ಅಂತ ಹೊರಗೆ ತೆಗೆದರು, ಅಷ್ಟರಲ್ಲಿ ಬೆಲ್ ಆಯಿತು. ನನಗೆ ಬಾಯಿ ತುದಿಗೆ ಬಂದಿತ್ತು. ಹಿಂದಿನ ವರ್ಷದ ಪಾಠ ನೆನಪಿತ್ತು, ಹಾಗಾಗಿ ಸುಮ್ಮನಿದ್ದೆ.

ನಾಲ್ಕನೇ ಪೀರಿಯಡ್‌ಗೆ ಮೊದಲು ಪ್ರತಿ ಮಂಡಳಿ ಒಂದು ಪುಟದ ಆದೇಶ ಬರೆಯಬೇಕು. ತೀರ್ಮಾನ ಒಂದು ಸಾಲು, ಕಾರಣ ಉಳಿದದ್ದು. ಮಂಡಳಿಯಲ್ಲಿ ಇಲ್ಲದ ಮಕ್ಕಳು, ತಮ್ಮ ಪಾತ್ರ ಬಿಟ್ಟು, ತಾವಾಗಿದ್ದರೆ ಏನು ಬರೆಯುತ್ತಿದ್ದೆವು ಅಂತ ಬರೆಯಬೇಕು. ಕಲಿತಿದ್ದಾರೋ ಇಲ್ಲವೋ ಅಂತ ನಾನು ನೋಡುವುದು ಈ ಕಾರಣಗಳಲ್ಲಿ. ಅಭಿನಯ ಚೆನ್ನಾಗಿತ್ತಾ ಅನ್ನುವುದಕ್ಕೆ ನನ್ನ ಹತ್ತಿರ ಅಂಕ ಇಲ್ಲ. ಬರೆದ ಕಾರಣ ಕಾಗದಕ್ಕೆ, ಸಾಕ್ಷಿಗೆ, ತಾರೀಖಿಗೆ ಅಂಟಿಕೊಂಡಿದೆಯಾ? ಅಥವಾ ಪಾಪ ಅನ್ನಿಸಿತು ಅನ್ನುವುದಕ್ಕಾ? ಪಾಪ ಅನ್ನಿಸುವುದು ತಪ್ಪಲ್ಲ, ಆದರೆ ಅದನ್ನು ಬೇರೆ ಸಾಲಿನಲ್ಲಿ ಬರೆಯಲು ಹೇಳುತ್ತೇನೆ.

ಒಂದನೇ, ಎರಡನೇ ಮಂಡಳಿ ಗೇಣಿದಾರನ ಪರ. ಮೂರನೆಯದು ಒಡತಿಯ ಪರ. ಮೂರೂ ಆದೇಶವನ್ನು ಗಟ್ಟಿಯಾಗಿ ಓದಿದಾಗ ಕ್ಲಾಸಿನಲ್ಲಿ ದೊಡ್ಡ ಗದ್ದಲ ಎದ್ದಿತು. ಒಂದೇ ಗದ್ದೆ, ಒಂದೇ ಪಹಣಿ, ಹೇಗೆ ಬೇರೆ ಬೇರೆ ಆಗುತ್ತೆ ಮೇಡಂ? ನಾನು ಉತ್ತರ ಕೊಡದೆ, ಮೂರು ಮಂಡಳಿಯವರು ಕೇಳಿದ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಮೂರು ಸಾಲಿನಲ್ಲಿ ಬರೆಸಿದೆ. ಮೂರನೇ ಸಾಲಿನಲ್ಲಿ ಲೆಕ್ಕಿಗನಿಗೆ ಕೇಳಿದ್ದು ಒಂದೇ ಪ್ರಶ್ನೆ: ಪಹಣಿಯಲ್ಲಿ ಯಾರ ಹೆಸರಿದೆ? ಆ ಮಂಡಳಿಯ ಅಧ್ಯಕ್ಷೆ ಬೋರ್ಡು ನೋಡುತ್ತಾ ನಿಂತವಳು, 'ನಾವು ಗದ್ದೆಗೆ ಹೋಗಿದ್ರಾ ಅಂತ ಕೇಳ್ಬೇಕಿತ್ತು' ಅಂದಳು. ಅವಳಿಗೆ ಬೇಜಾರಾಗಿತ್ತು. ಜಗಲಿಯಲ್ಲಿ ಸೋತ ಗೇಣಿದಾರ ಅವಳನ್ನೇ ನೋಡುತ್ತಿದ್ದ. ದಾಖಲೆ ಅನ್ನುವುದು ಯಾರೋ ಒಬ್ಬರು ಒಂದು ಕಾರಣಕ್ಕೆ ಬರೆದದ್ದು ಅಂತ ನಾನು ಇತಿಹಾಸದ ಮೊದಲ ಪಾಠದಿಂದ ಹೇಳುತ್ತಾ ಬಂದಿದ್ದೇನೆ. ಅದು ಆ ದಿನ ಒಳಗೆ ಇಳಿಯಿತು.

ಆಗ ಆ ಕೂಲಿ ಹೆಂಗಸಿನ ಕಾರ್ಡು ಬಂದಿದ್ದ ಹುಡುಗಿ ಕೈ ಎತ್ತಿದಳು. ಅವಳು ಒಂದನೇ ಮಂಡಳಿಯಲ್ಲಿ ಗೇಣಿದಾರನ ಪರ ಸಾಕ್ಷಿ ಹೇಳಿದ್ದಳು. ಎಂಟು ವರ್ಷದಿಂದ ಆ ಗದ್ದೆಯಲ್ಲಿ ನಾಟಿ, ಕಳೆ, ಕೊಯ್ಲು ಮಾಡಿದ್ದೇನೆ, ಕೂಲಿ ಕೊಟ್ಟವನು ಗೇಣಿದಾರ, ಒಡತಿ ಅಲ್ಲ ಅಂತ. ಆ ಸಾಕ್ಷಿಯಿಂದಲೇ ಆ ಮಂಡಳಿ ತೀರ್ಮಾನ ಮಾಡಿತ್ತು. ಅವಳು ಕೇಳಿದ್ದು: 'ನಾನು ಸಾಕ್ಷಿ ಹೇಳಿದ್ದಕ್ಕೆ ಅವರಿಗೆ ಗದ್ದೆ ಸಿಕ್ತು. ಉತ್ತು ಬಿತ್ತಿದ್ದು ನಾನೂ ಅಲ್ವಾ ಮೇಡಂ, ನನಗೇನು ಸಿಕ್ತು?'

ಇದನ್ನು ನಾನು ಪಾಠದ ಯೋಜನೆಯಲ್ಲಿ ಬರೆದಿರಲಿಲ್ಲ. ಕೂಲಿ ಹೆಂಗಸನ್ನು ನಾನು ಸೇರಿಸಿದ್ದು ಸಾಕ್ಷಿಗೆ ಅಂತ ಮಾತ್ರ. ಆ ದಿನ ಉಳಿದ ಹೊತ್ತೆಲ್ಲ ಅದಕ್ಕೇ ಹೋಯಿತು. ಕಾಯ್ದೆ 'ಸ್ವಂತ ಸಾಗುವಳಿ' ಅನ್ನುವುದನ್ನು ಹೇಗೆ ಹೇಳುತ್ತದೆ ಅಂತ ತೆಗೆದು ನೋಡಿದೆವು. ಸ್ವಂತ ದುಡಿಮೆ, ಮನೆಯವರ ದುಡಿಮೆ, ಅಥವಾ ತಾನು ನಿಂತು ಕೂಲಿ ಕೊಟ್ಟು ಮಾಡಿಸುವುದು, ಮೂರೂ ಸ್ವಂತ ಸಾಗುವಳಿಯೇ. ಹಾಗಾಗಿ ಕಾನೂನಿನ ಕಣ್ಣಿನಲ್ಲಿ 'ಉಳುವವ' ಅಂದರೆ ಗೇಣಿದಾರ, ನೇಗಿಲು ಹಿಡಿದವರೆಲ್ಲ ಅಲ್ಲ. ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡಿದ್ದ ಕೂಲಿಯವರಿಗೆ ಆ ವಾಸದ ಮನೆಯ ಹಕ್ಕು ಕೊಡುವ ಅವಕಾಶ ಕಾಯ್ದೆಯಲ್ಲಿ ಇತ್ತು. ಗದ್ದೆಯಲ್ಲಿ ಪಾಲು ಇರಲಿಲ್ಲ. ಅದನ್ನು ಹೇಳಿದೆ. ಒಬ್ಬ ಹುಡುಗ, ಹಾಗಾದ್ರೆ ಘೋಷಣೆ ತಪ್ಪಾ ಅಂತ ಕೇಳಿದ. ಇನ್ನೊಬ್ಬ, ತಪ್ಪಲ್ಲ, ಗೇಣಿದಾರರಿಗೆ ಅಷ್ಟಾದರೂ ಆಯ್ತಲ್ಲ ಅಂದ. ಗೇಣಿದಾರನ ಹೆಂಡತಿ ಆಗಿದ್ದವಳು ಇನ್ನೂ ಮುಂದೆ ಹೋಗಿ, ಅರ್ಜಿಯಲ್ಲಿ ಗಂಡನ ಹೆಸರು ಮಾತ್ರ ಯಾಕಿತ್ತು, ನಾಟಿ ಮಾಡಿದ್ದು ನಾನೂ ಅಲ್ವಾ ಅಂದಳು. ಬೆಲ್ ಆದ ಮೇಲೂ ಯಾರೂ ಏಳಲಿಲ್ಲ.

ಪಾತ್ರ ಕಳಚುವ ಕೆಲಸವನ್ನು ಬಿಡಬಾರದು. ಇದನ್ನು ಎರಡನೇ ವರ್ಷ ಬಿಟ್ಟಿದ್ದೆ, ಆಗ ಲೆಕ್ಕಿಗನಾಗಿದ್ದ ಹುಡುಗನನ್ನು ತಿಂಗಳಾದರೂ ಮಕ್ಕಳು 'ಲಂಚದ ಲೆಕ್ಕಿಗ' ಅಂತ ಕರೆಯುತ್ತಿದ್ದರು. ಕಾರ್ಡಿನಲ್ಲಿ ಲಂಚದ ಮಾತೇ ಇರಲಿಲ್ಲ! ಈಗ ಕೊನೆಗೆ ಎಲ್ಲರೂ ವೃತ್ತದಲ್ಲಿ ನಿಂತು ಟವೆಲ್ ಮಡಚಿ ಮಧ್ಯದಲ್ಲಿ ಇಡುತ್ತಾರೆ, ತಮ್ಮ ಹೆಸರು ಹೇಳುತ್ತಾರೆ, ಆ ಪಾತ್ರ ಮಾಡಿದ್ದರಲ್ಲಿ ತಾನು ಒಪ್ಪದೇ ಇರುವ ಒಂದು ವಿಷಯ ಹೇಳುತ್ತಾರೆ. ಐದು ನಿಮಿಷದ ಕೆಲಸ.

ಜಾತಿಯನ್ನು ಕಾರ್ಡಿನಿಂದ ತೆಗೆದದ್ದು ಸರಿಯಾ ಅಂತ ನನಗೆ ಇವತ್ತಿಗೂ ಒಳಗೆ ಕೊರೆಯುತ್ತದೆ. ಒಡೆಯ ಯಾರು, ಗೇಣಿದಾರ ಯಾರು, ಕೂಲಿ ಯಾರು ಅನ್ನುವುದು ನಮ್ಮ ಊರುಗಳಲ್ಲಿ ಜಾತಿ ಬಿಟ್ಟು ಇರಲಿಲ್ಲ. ಅದನ್ನು ಹೇಳದೆ ಹೋದರೆ ಇತಿಹಾಸ ಅರ್ಧ ಆಗುತ್ತದೆ. ಆದರೆ ಅವಮಾನವನ್ನು ಮಕ್ಕಳ ಕೈಲಿ ಆಡಿಸುವುದು ಬೇರೆ, ಅದರ ಬಗ್ಗೆ ಮಾತಾಡುವುದು ಬೇರೆ. ಬೈಗುಳ, ದೂರ ನಿಲ್ಲಿಸುವುದು, ಇಂಥದ್ದನ್ನು ಕ್ಲಾಸಿನಲ್ಲಿ ಅಭಿನಯಿಸಿದರೆ ಅದನ್ನು ಮನೆಯಲ್ಲಿ ಅನುಭವಿಸಿದ ಮಗುವಿಗೆ ಅದು ನಾಟಕ ಆಗಿರುವುದಿಲ್ಲ. ಹಾಗಾಗಿ ನಾನು ಆ ಮಾತನ್ನು ಟವೆಲ್ ತೆಗೆದ ಮೇಲೆ ಇಟ್ಟುಕೊಂಡಿದ್ದೇನೆ, ಐದನೇ ಪೀರಿಯಡ್ ಸಿಕ್ಕರೆ ಅದಕ್ಕೇ ಕೊಡುತ್ತೇನೆ.

ಪ್ರಕರಣ ತೀರಾ ಹತ್ತಿರದ್ದಾದರೂ ಕಷ್ಟ. ಎರಡನೇ ವರ್ಷ ನಮ್ಮ ಊರಿನ ಹತ್ತಿರದ ಗದ್ದೆ ಬಯಲು ಅಂತಲೇ ಇಟ್ಟಿದ್ದೆ. ಮಕ್ಕಳು ಮನೆಗೆ ಹೋಗಿ ಅಜ್ಜ ಅಜ್ಜಿಯನ್ನು ಕೇಳಿದರು. ಒಬ್ಬ ಹುಡುಗ ಅಜ್ಜನಿಗೆ ಬಂದ ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೆಮ್ಮೆಯಿಂದ ತಂದ. ಅದೇ ಬೆಂಚಿನಲ್ಲಿ ಕೂತಿದ್ದ ಇನ್ನೊಬ್ಬ, ನಮ್ಮಜ್ಜಿ ಗದ್ದೆ ಹೋಯ್ತು ಅಂತ ಇವತ್ತೂ ಅಳ್ತಾರೆ ಅಂದ. ಇಬ್ಬರೂ ಗೆಳೆಯರು. ಆ ದಿನ ಮಾತಾಡಲಿಲ್ಲ. ಮೂರನೇ ವರ್ಷ ಪ್ರಕರಣವನ್ನು ಹೆಸರಿಲ್ಲದ ಬೇರೆ ತಾಲೂಕಿಗೆ ಕಳಿಸಿದೆ. ಮನೆಯ ಕಥೆ ತರುವುದಾದರೆ ತರಲಿ, ಆದರೆ ಅದು ಆಟದ ಒಳಗೆ ಬೇಡ.

ಇದರಿಂದ ಆಗದೇ ಇರುವುದೂ ಇದೆ. ತಾರೀಖು, ಹೆಸರು ನೆನಪಿಡುವುದರಲ್ಲಿ ಮಕ್ಕಳು ಮೊದಲಿಗಿಂತ ಮುಂದೆ ಹೋಗಿಲ್ಲ, 1974 ಒಂದು ಬಿಟ್ಟು. ರಾಜ್ಯದ ಎಲ್ಲ ಕಡೆ ಕಾಯ್ದೆ ಹೇಗೆ ನಡೆಯಿತು, ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಅನ್ನುವುದು ಒಂದು ಗದ್ದೆಯ ಕಥೆಯಿಂದ ಬರುವುದಿಲ್ಲ. ಅದಕ್ಕೆ ನಕ್ಷೆ, ಅಂಕಿ, ಸಾಮಾನ್ಯ ಪಾಠವೇ ಬೇಕು. ನಾಲ್ಕು ಪೀರಿಯಡ್ ಅಂದರೆ ಬೇರೆ ಎರಡು ಪಾಠ ಓಡಿಸಬೇಕಾಗುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಸಲಕ್ಕಿಂತ ಜಾಸ್ತಿ ನಾನು ಇದನ್ನು ಮಾಡುವುದಿಲ್ಲ. ಯಾವ ಪಾಠಕ್ಕೆ ಅಂತ ಆರಿಸುವಾಗ ನೋಡುವುದು ಇಷ್ಟೇ: ಅಲ್ಲಿ ಒಂದು ತೀರ್ಮಾನ ಆಗಬೇಕಿತ್ತಾ, ತೀರ್ಮಾನ ಮಾಡುವವರ ಹತ್ತಿರ ಪೂರ್ತಿ ಮಾಹಿತಿ ಇರಲಿಲ್ಲವಾ? ಗ್ರಾಮಸಭೆಗೆ ಆಗುತ್ತದೆ, ಸಂವಿಧಾನ ಸಭೆಯ ಒಂದು ಚರ್ಚೆಗೆ ಆಗುತ್ತದೆ. ಮಣ್ಣಿನ ವಿಧಗಳಿಗೆ ಆಗುವುದಿಲ್ಲ. ಮಣ್ಣಿನ ಪಾತ್ರ ಮಾಡಿಸಿ ಪ್ರಯೋಜನ ಇಲ್ಲ, ಹೊರಗೆ ಕರೆದುಕೊಂಡು ಹೋಗಿ ಮಣ್ಣು ಮುಟ್ಟಿಸಬೇಕು.

ಈ ವರ್ಷಕ್ಕೆ ಕಾರ್ಡುಗಳನ್ನು ಮತ್ತೆ ಬರೆಯುತ್ತಿದ್ದೇನೆ. 1971-72ರ ಪಹಣಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ಕೂಲಿ ಹೆಂಗಸಿನ ಕಾರ್ಡಿನಲ್ಲಿ 'ನಿಮಗೇನು ಬೇಕು' ಅನ್ನುವ ಜಾಗ ಹೋದ ಸಲ ಖಾಲಿ ಇತ್ತು, ಅವಳು ಬರೀ ಸಾಕ್ಷಿ ಅಂತ ನಾನು ಏನೂ ಬರೆದಿರಲಿಲ್ಲ. ಆ ಹುಡುಗಿ ಈಗ ಹತ್ತನೇ ಕ್ಲಾಸು. ಮೊನ್ನೆ ಕರೆದು, ಇಲ್ಲಿ ಏನು ಬರೆಯೋಣ ಅಂತ ಕೇಳಿದೆ. ಪೆನ್ನು ತೆಗೆದುಕೊಂಡು ಸ್ವಲ್ಪ ಹೊತ್ತು ಯೋಚಿಸಿ ಅವಳೇ ಬರೆದಳು: 'ನನ್ನನ್ನೂ ಕೇಳಬೇಕು.'